ಚಿತ್ರ ಒಂದು, ಕ್ರಿಯಾಪದ ಇನ್ನೊಂದು

(ಪ್ರಬಂಧ ಬರೆಯುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ಒಂದು ವಾಕ್ಯಕ್ಕೆ ಹೋಗೋಣ. ಈ ವಾಕ್ಯ ಕಟ್ಟಿದ್ದು ನಾನೇ. ಆದರೆ ಇದರ ಒಂದೊಂದು ತುಂಡೂ ಪ್ರಬಂಧ ತಿದ್ದುವಾಗ ನನಗೆ ಮತ್ತೆ ಮತ್ತೆ ಸಿಕ್ಕಿದ್ದು. ನಿಧಾನವಾಗಿ ಓದುತ್ತೇನೆ, ಕೇಳಿ.

"ಸಮಾಜದ ಬೆನ್ನೆಲುಬಾಗಿರುವ ಯುವಜನರನ್ನು ಕುಡಿತವೆಂಬ ಕಬಂಧ ಬಾಹುಗಳು ನುಂಗುತ್ತಿದ್ದು, ಆಳವಾಗಿ ಬೇರೂರಿರುವ ಈ ಪಿಡುಗಿಗೆ ಕಡಿವಾಣ ಹಾಕಿ, ಬುಡಸಮೇತ ಕಿತ್ತೆಸೆದು, ಇತಿಶ್ರೀ ಹಾಡಬೇಕಾಗಿದೆ."

ಕೇಳುವಾಗ ಏನೂ ತೊಂದರೆ ಅನಿಸಲಿಲ್ಲ ಅಲ್ವಾ? ಎಲ್ಲವೂ ಕೇಳಿ ಕೇಳಿ ಪಳಗಿದ ಮಾತುಗಳು. ಅದಕ್ಕೇ ಕಿವಿ ತಡೆಯುವುದಿಲ್ಲ. ಈಗ ಇದೇ ವಾಕ್ಯವನ್ನು ಒಂದು ಹಾಳೆಯ ಮೇಲೆ ಚಿತ್ರವಾಗಿ ಬಿಡಿಸಿ ಎಂದು ನಿಮ್ಮನ್ನು ಕೇಳುತ್ತೇನೆ ಎಂದಿಟ್ಟುಕೊಳ್ಳಿ. ಮೊದಲು ಒಂದು ದೇಹ ಬೇಕು, ಏಕೆಂದರೆ ಬೆನ್ನೆಲುಬು ಇದೆ. ಆಮೇಲೆ ಒಬ್ಬ ರಾಕ್ಷಸ. ಆಮೇಲೆ ಬೇರು ಬಿಟ್ಟ ಮರ. ಪಿಡುಗು ಅಂದಾಗ ರೋಗ. ಕಡಿವಾಣ ಅಂದಾಗ ಕುದುರೆ. ಕಿತ್ತೆಸೆಯುವಾಗ ಮತ್ತೆ ಮರ. ಇತಿಶ್ರೀ ಅಂದಾಗ ಗ್ರಂಥ. ಕೊನೆಗೆ ಹಾಡು. ಒಂದೇ ಕುಡಿತ ಎಷ್ಟು ವೇಷ ಹಾಕಬೇಕಾಯಿತು ನೋಡಿ. ಓದುಗನ ಕಣ್ಣ ಮುಂದೆ ಯಾವ ವೇಷವೂ ಒಂದು ಕ್ಷಣ ನಿಲ್ಲುವುದಿಲ್ಲ. ಆದ್ದರಿಂದ ಏನೂ ಕಾಣುವುದಿಲ್ಲ.

ಇದನ್ನು ನಾವು ಬೆರಕೆ ರೂಪಕ ಅಂತ ಕರೆಯೋಣ. ಇದರ ಜೊತೆಯಲ್ಲೇ ಹುಟ್ಟುವ ಇನ್ನೊಂದು ತಪ್ಪು ನುಡಿಗಟ್ಟನ್ನು ಅದರದಲ್ಲದ ಅರ್ಥದಲ್ಲಿ ಬಳಸುವುದು. ಎರಡರ ಬಗ್ಗೆಯೂ ಇವತ್ತು ಮಾತಾಡುತ್ತೇನೆ. ಆದರೆ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಸಂಗತಿ: ಕನ್ನಡದಲ್ಲಿ ಈ ತಪ್ಪು ಹೆಚ್ಚಾಗಿ ಕ್ರಿಯಾಪದದಲ್ಲಿ ಸಿಕ್ಕಿಬೀಳುತ್ತದೆ. ಅಲ್ಲೇ ಹುಡುಕಬೇಕು.

ಯಾಕೆ ಅಂತ ಹೇಳುತ್ತೇನೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಚಿತ್ರ ಕೊಡುವ ನಾಮಪದ ಮೊದಲೇ ಬಂದು ಕೂತಿರುತ್ತದೆ. ನಡುವೆ ಯಾರು, ಎಲ್ಲಿ, ಯಾವಾಗ, ಯಾಕೆ ಎಂಬುದನ್ನೆಲ್ಲ ತುಂಬುತ್ತೇವೆ. ಇದ್ದು, ಮಾಡಿ, ಆಗಿ ಎಂದು ಪೋಣಿಸುತ್ತಾ ಹೋಗುತ್ತೇವೆ. ಹದಿನೈದು ಇಪ್ಪತ್ತು ಪದ ದಾಟಿ ಕೊನೆ ಮುಟ್ಟುವ ಹೊತ್ತಿಗೆ ಶುರುವಿನಲ್ಲಿ ಯಾವ ಚಿತ್ರ ಇಟ್ಟಿದ್ದೆವು ಎನ್ನುವುದು ಬರೆಯುವವನಿಗೇ ಮರೆತಿರುತ್ತದೆ. ಆಗ ಕೈಗೆ ಸಿಕ್ಕ ಕ್ರಿಯಾಪದ ಬಂದು ಕೂರುತ್ತದೆ. 'ಬಾಹುಗಳು' ಎಂದು ಶುರುವಾದದ್ದು 'ನುಂಗುತ್ತಿವೆ' ಎಂದು ಮುಗಿಯುವುದು ಹೀಗೆ.

ಕಬಂಧನ ಕತೆ ನಿಮಗೆ ಗೊತ್ತು. ರಾಮಾಯಣದ ಅರಣ್ಯಕಾಂಡದಲ್ಲಿ ಬರುವ ರಾಕ್ಷಸ. ತಲೆಯೇ ಇಲ್ಲ, ಬಾಯಿ ಹೊಟ್ಟೆಯಲ್ಲಿ. ತೋಳು ಮಾತ್ರ ಯೋಜನದಷ್ಟು ಉದ್ದ. ಕೂತಲ್ಲೇ ಕೂತು ತೋಳು ಚಾಚಿ ಸಿಕ್ಕಿದ್ದನ್ನು ಹಿಡಿದು ಎಳೆದುಕೊಳ್ಳುತ್ತಾನೆ. ರಾಮ ಲಕ್ಷ್ಮಣರು ಆ ತೋಳುಗಳನ್ನು ಕತ್ತರಿಸುತ್ತಾರೆ. ಅಂದರೆ ಕತೆಯೇ ನಮಗೆ ಮೂರು ಕ್ರಿಯಾಪದ ಕೊಟ್ಟಿದೆ: ಚಾಚು, ಹಿಡಿ, ಕತ್ತರಿಸು. ಈ ಮೂರರಲ್ಲಿ ಒಂದನ್ನು ಬಳಸಿದರೆ ಚಿತ್ರ ನಿಲ್ಲುತ್ತದೆ. ತೋಳುಗಳು ನುಂಗಿದರೆ, ಹಬ್ಬಿದರೆ, ಭುಗಿಲೆದ್ದರೆ ನಿಲ್ಲುವುದಿಲ್ಲ.

'ಇತಿಶ್ರೀ ಹಾಡು' ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇದರ ಹಿಂದೆ ಒಂದು ಸಣ್ಣ ಚರಿತ್ರೆಯೇ ಇದೆ. ನಾಂದಿ ಎಂದರೆ ನಾಟಕದ ಶುರುವಿನಲ್ಲಿ ಹೇಳುವ ಪ್ರಾರ್ಥನೆ. ಆದ್ದರಿಂದ ನಾಂದಿ ಹಾಡಬಹುದು. ಮಂಗಳ ಎಂದರೆ ಕೊನೆಯಲ್ಲಿ ಹಾಡುವ ಹಾಡು. ಅದನ್ನೂ ಹಾಡಬಹುದು. ಇತಿಶ್ರೀ ಹಾಗಲ್ಲ. ಅದು ಗ್ರಂಥದ ಅಧ್ಯಾಯ ಮುಗಿದಾಗ ಕೊನೆಯಲ್ಲಿ ಬರೆಯುವ ಮಾತು. ಅದನ್ನು ಬರೆಯಬೇಕು, ಇಲ್ಲವೇ ಹಾಕಬೇಕು. ಆದರೆ 'ಮಂಗಳ ಹಾಡು' ನಾಲಿಗೆಯ ಮೇಲೆ ಇದ್ದದ್ದರಿಂದ ಅದರ ಕ್ರಿಯಾಪದ ಜಾರಿ ಇತಿಶ್ರೀಗೆ ಅಂಟಿಕೊಂಡಿತು. ಅಲ್ಲಿಗೂ ನಿಲ್ಲಲಿಲ್ಲ. ಈಗ 'ಅಂತ್ಯ ಹಾಡು', 'ಮುಕ್ತಾಯ ಹಾಡು', 'ಪೂರ್ಣವಿರಾಮ ಹಾಡು' ಎಂದೂ ಬರೆಯುತ್ತಾರೆ. ಪೂರ್ಣವಿರಾಮ ಒಂದು ಚುಕ್ಕೆ. ಚುಕ್ಕೆಯನ್ನು ಇಡುತ್ತಾರೆ. ಹಾಡುವುದು ಹೇಗೆ?

'ಅಂತ್ಯ ಹಾಡು' ಈಗ ಎಷ್ಟು ಬಳಕೆಯಾಗಿದೆ ಎಂದರೆ ಅದನ್ನು ತಪ್ಪು ಎನ್ನಲು ಕೆಲವರು ಒಪ್ಪುವುದಿಲ್ಲ. ಬಳಕೆಯೇ ಭಾಷೆ, ನಿಜ. ಆದರೂ ನಾನು ತಿದ್ದುತ್ತೇನೆ. ಕಾರಣ ಸರಳ. 'ಕೊನೆಗೊಳಿಸು' ಎಂಬ ಒಂದೇ ಪದ ಅದೇ ಕೆಲಸ ಮಾಡುತ್ತದೆ. 'ನಿಲ್ಲಿಸು' ಇನ್ನೂ ಚೆನ್ನಾಗಿ ಮಾಡುತ್ತದೆ. ಚಿತ್ರವನ್ನೇ ಕೊಡದ ನುಡಿಗಟ್ಟನ್ನು ಸುಮ್ನೆ ಹೊತ್ತುಕೊಂಡು ಹೋಗುವುದರಲ್ಲಿ ಏನು ಲಾಭ?

ಈಗ ನಮ್ಮ ವಾಕ್ಯದಲ್ಲಿ ಇನ್ನೂ ಆಳದಲ್ಲಿರುವ ತೊಂದರೆಗೆ ಬರುತ್ತೇನೆ. ಇದು ನನಗೆ ಅತ್ಯಂತ ಮುಖ್ಯ ಅನಿಸುವ ಮಾತು. 'ಕಡಿವಾಣ ಹಾಕಿ, ಬುಡಸಮೇತ ಕಿತ್ತೆಸೆದು' ಎಂದಿದೆಯಲ್ಲ, ಅದನ್ನು ನೋಡಿ. ಕಡಿವಾಣ ಹಾಕುವುದು ಯಾವುದಕ್ಕೆ? ಓಡುವ ಕುದುರೆಗೆ. ಕುದುರೆ ಇರಬೇಕು, ಓಡಲೂಬೇಕು, ಆದರೆ ನಮ್ಮ ಹಿಡಿತದಲ್ಲಿ ಓಡಬೇಕು. ಕಿತ್ತೆಸೆಯುವುದು ಯಾವುದನ್ನು? ಇರಲೇಬಾರದ ಕಳೆಯನ್ನು. ಅಂದರೆ ಬರೆದವರು ಒಂದೇ ಉಸಿರಿನಲ್ಲಿ ಎರಡು ಬೇರೆ ಬೇರೆ ವಾದ ಹೇಳಿದ್ದಾರೆ. ಕುಡಿತ ಮಿತಿಯಲ್ಲಿರಲಿ ಎನ್ನುವುದು ಒಂದು. ಕುಡಿತ ಇರಲೇಬಾರದು ಎನ್ನುವುದು ಇನ್ನೊಂದು. ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಿದರೆ ಅವರು ಆಗ ಯೋಚನೆ ಮಾಡಲು ಶುರು ಮಾಡುತ್ತಾರೆ. ರೂಪಕ ಬೆರೆತಿರುವ ಕಡೆ ಬಹಳ ಸಲ ಯೋಚನೆಯೇ ಇನ್ನೂ ಒಂದು ತೀರ್ಮಾನಕ್ಕೆ ಬಂದಿರುವುದಿಲ್ಲ. ಹಾಗಾಗಿ ಪದ ಬದಲಾಯಿಸುವ ಮೊದಲು ಆ ತೀರ್ಮಾನ ಆಗಬೇಕು.

ಹಾಗಾದರೆ ಈ ವಾಕ್ಯವನ್ನು ತಿದ್ದೋಣ. ಮೊದಲು ಎಲ್ಲ ಚಿತ್ರಗಳನ್ನೂ ತೆಗೆದು ಬದಿಗಿಡಿ. ಏನು ಉಳಿಯುತ್ತದೆ? "ಯುವಜನರು ಕುಡಿಯುತ್ತಿದ್ದಾರೆ, ಅದು ನಿಲ್ಲಬೇಕು." ಇಷ್ಟೇ. ಇಷ್ಟು ಸಣ್ಣ ಮಾತಿಗೆ ಅಷ್ಟು ದೊಡ್ಡ ಮೆರವಣಿಗೆ ಬೇಕಾಗಿರಲಿಲ್ಲ ಎನ್ನುವುದು ತಕ್ಷಣ ಕಾಣುತ್ತದೆ. ಇನ್ನೂ ಒಂದು ಕಾಣುತ್ತದೆ: ಹೇಳಬೇಕಾದ ಮುಖ್ಯ ಸಂಗತಿಯೇ ವಾಕ್ಯದಲ್ಲಿ ಇಲ್ಲ. ಯಾಕೆ ಕುಡಿಯುತ್ತಾರೆ? ಯಾವ ವಯಸ್ಸಿನಲ್ಲಿ? ನಿಲ್ಲಿಸುವುದು ಹೇಗೆ? ಚಿತ್ರಗಳು ಆ ಖಾಲಿ ಜಾಗವನ್ನು ಮುಚ್ಚಿದ್ದವು.

ಚಿತ್ರವೇ ಬೇಡ ಎಂದರೆ ಹೀಗೆ ಬರೆಯಬಹುದು: "ಹದಿಹರೆಯದಲ್ಲಿ ಹತ್ತಿದ ಕುಡಿತವನ್ನು ಆಮೇಲೆ ಬಿಡಿಸುವುದು ಕಷ್ಟ. ಆದ್ದರಿಂದ ಅದು ಹತ್ತದಂತೆ ನೋಡಿಕೊಳ್ಳುವುದೇ ಮೊದಲ ಕೆಲಸ."

ಚಿತ್ರ ಬೇಕು ಎಂದರೆ ಒಂದನ್ನು ಆರಿಸಿ, ಅದರಲ್ಲೇ ಕೊನೆಯವರೆಗೆ ಇರಿ. ಮರ ಆರಿಸಿದೆವು ಎಂದಿಟ್ಟುಕೊಳ್ಳಿ: "ಕುಡಿತ ಎಳೆಯ ವಯಸ್ಸಿನಲ್ಲೇ ಬೇರು ಬಿಡುತ್ತದೆ. ಸಸಿಯಾಗಿದ್ದಾಗ ಕೈಯಲ್ಲೇ ಕೀಳಬಹುದು. ಬೇರು ಆಳಕ್ಕೆ ಇಳಿದ ಮೇಲೆ ಬರೀ ಕೊಂಬೆ ಕಡಿದರೆ ಮತ್ತೆ ಚಿಗುರುತ್ತದೆ." ನೋಡಿ, ಇಲ್ಲಿ ಮರ ಬರೀ ಅಲಂಕಾರಕ್ಕೆ ನಿಂತಿಲ್ಲ. ಅದು ವಾದಕ್ಕೆ ಸಹಾಯ ಮಾಡುತ್ತಿದೆ. ಕೊಂಬೆ ಕಡಿಯುವುದು ಎಂದಾಗ ಶಿಕ್ಷೆ, ದಂಡ ಇವೆಲ್ಲ ಮೇಲುಮೇಲಿನ ಕೆಲಸ ಎಂಬ ಅರ್ಥ ತಾನಾಗಿಯೇ ಬಂತು. ನಮ್ಮ ಹಳೆಯ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಸಾವಯವ ರೂಪಕ ಎನ್ನುತ್ತಾರೆ. ಅಂದರೆ ಕೈಕಾಲು ಎಲ್ಲ ಇರುವ ರೂಪಕ. ಮರ ಎಂದರೆ ಬೇರು, ಕೊಂಬೆ, ಚಿಗುರು ಎಲ್ಲವೂ ಒಂದೇ ಮರದ್ದಾಗಿರಬೇಕು.

ಮಿತಿಯಲ್ಲಿರಲಿ ಎನ್ನುವುದು ನಿಮ್ಮ ವಾದವಾದರೆ ಮರ ಬೇಡ, ಕುದುರೆ ತೆಗೆದುಕೊಳ್ಳಿ. ಆಗ ಕಡಿವಾಣ ಹಿಡಿದವರು ಯಾರು, ಸಡಿಲ ಬಿಟ್ಟವರು ಯಾರು ಎಂದು ಮುಂದುವರಿಸಬಹುದು. ಆದರೆ ಕಿತ್ತೆಸೆಯುವ ಮಾತು ಬರಕೂಡದು.

ಇನ್ನು ನುಡಿಗಟ್ಟಿನ ತಪ್ಪು ಬಳಕೆ. ಒಂದು ಪ್ರಬಂಧದಲ್ಲಿ ನಾನು ಓದಿದ ಸಾಲು: "ಇದು ಉರಿಯುವ ಗಾಯಕ್ಕೆ ತುಪ್ಪ ಸುರಿದಂತಾಯಿತು." ಬರೆದವರು ಹೇಳಬೇಕೆಂದಿದ್ದದ್ದು ಕಷ್ಟ ಜಾಸ್ತಿ ಆಯಿತು ಎಂದು. ಆದರೆ ಉರಿಯುವ ಗಾಯಕ್ಕೆ ತುಪ್ಪ ಹಚ್ಚಿದರೆ ತಂಪಾಗುತ್ತದೆ ಎಂದೇ ನಾವೆಲ್ಲ ಕೇಳಿ ಬೆಳೆದವರು. ಓದುಗನಿಗೆ ಅರ್ಥ ಪೂರ್ತಿ ತಿರುವುಮುರುವಾಗಿ ತಲುಪುತ್ತದೆ. ಇಲ್ಲಿ ಆದದ್ದು ಏನು? 'ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ' ಎಂಬುದು ಒಂದು. 'ಗಾಯದ ಮೇಲೆ ಬರೆ ಎಳೆದಂತೆ' ಎಂಬುದು ಇನ್ನೊಂದು. ಎರಡೂ ಕೆಟ್ಟದ್ದು ಹೆಚ್ಚಾಯಿತು ಎಂದೇ ಹೇಳುತ್ತವೆ. ಒಂದೇ ಅರ್ಥದ ನುಡಿಗಟ್ಟುಗಳು ನೆನಪಿನಲ್ಲಿ ಅಕ್ಕಪಕ್ಕ ಇರುತ್ತವೆ. ಅವಸರದಲ್ಲಿ ಒಂದರ ತಲೆ, ಇನ್ನೊಂದರ ಬಾಲ ಕೈಗೆ ಬರುತ್ತದೆ. 'ಉರಿ' ಎಂಬ ಪದ ಗಾಯಕ್ಕೂ ಬೆಂಕಿಗೂ ಹೊಂದುವುದರಿಂದ ಇಲ್ಲಿ ಬೆಸುಗೆ ಕಾಣಿಸಲೇ ಇಲ್ಲ.

ಎರಡರ ನಡುವೆ ಸಣ್ಣ ವ್ಯತ್ಯಾಸವೂ ಇದೆ. ಅದು ತಿದ್ದುವಾಗ ಉಪಯೋಗಕ್ಕೆ ಬರುತ್ತದೆ. ಬೆಂಕಿಗೆ ತುಪ್ಪ ಸುರಿಯುವುದು ಜಗಳಕ್ಕೆ, ಕೋಪಕ್ಕೆ ಹೊಂದುತ್ತದೆ. ಯಾರೋ ಬೇಕೆಂದೇ ಕೆರಳಿಸುತ್ತಾರೆ. ಗಾಯದ ಮೇಲೆ ಬರೆ ನೋವಿಗೆ ಹೊಂದುತ್ತದೆ. ಮೊದಲೇ ನೊಂದವರ ಮೇಲೆ ಇನ್ನೊಂದು ಏಟು. ಬೆಳೆ ಹೋಗಿ ಕೂತವರಿಗೆ ಸಾಲದ ನೋಟಿಸ್ ಬಂದರೆ ಅದು ಬರೆ. ಮಾತಿಗೆ ಮಾತು ಬೆಳೆದಾಗ ಮೂರನೆಯವರು ಬಂದು ಹಳೆಯದನ್ನು ಕೆದಕಿದರೆ ಅದು ತುಪ್ಪ.

ಪುರಾಣದಿಂದ ಬಂದ ನುಡಿಗಟ್ಟುಗಳಲ್ಲಿ ಕತೆಯ ಕೊನೆ ಏನಾಯಿತು ಎಂದು ನೋಡಲೇಬೇಕು. "ಕಷ್ಟಗಳ ಚಕ್ರವ್ಯೂಹವನ್ನು ಅಭಿಮನ್ಯುವಿನಂತೆ ಭೇದಿಸಿ ಗೆದ್ದು ಬಂದರು" ಎಂದು ಅಭಿನಂದನೆಯ ಬರಹಗಳಲ್ಲಿ ಕಾಣಿಸುತ್ತದೆ. ಅಭಿಮನ್ಯುವಿಗೆ ಒಳಹೋಗಲು ಗೊತ್ತಿತ್ತು, ಹೊರಬರಲು ಗೊತ್ತಿರಲಿಲ್ಲ. ಅವನು ಒಳಗೇ ಸತ್ತ. ಆ ಹೋಲಿಕೆ ಹೊಂದುವುದು ಧೈರ್ಯವಾಗಿ ನುಗ್ಗಿ ಒಬ್ಬಂಟಿಯಾಗಿ ಸಿಕ್ಕಿಬಿದ್ದವರಿಗೆ. ಗೆದ್ದು ಬಂದವರಿಗೆ ಅಲ್ಲ. ಒಬ್ಬರನ್ನು ಮೆಚ್ಚಿ ಬರೆಯುವಾಗ ಹೀಗಾದರೆ ಮನಸ್ಸಿಗೆ ಬೇಸರವಾಗುತ್ತದೆ, ಏಕೆಂದರೆ ಬರೆದವರ ಪ್ರೀತಿ ನಿಜವಾದದ್ದೇ.

ಕೆಲವು ಕಡೆ ತಪ್ಪು ಒಪ್ಪು ಹೇಳುವುದು ಅಷ್ಟು ಸುಲಭ ಇಲ್ಲ. 'ಬಕಧ್ಯಾನ' ತೆಗೆದುಕೊಳ್ಳಿ. ಕನ್ನಡದಲ್ಲಿ ಬಕಧ್ಯಾನ ಎಂದರೆ ಮೇಲೆ ಸಾಧು, ಒಳಗೆ ಮೀನಿನ ಮೇಲೆ ಕಣ್ಣು. ಬೈಗುಳವೇ ಅದು. ಆದರೆ ಒಳ್ಳೆಯ ವಿದ್ಯಾರ್ಥಿಯ ಲಕ್ಷಣ ಹೇಳುವ ಸಂಸ್ಕೃತ ಸುಭಾಷಿತ 'ಕಾಕಚೇಷ್ಟಾ ಬಕಧ್ಯಾನಂ' ಎಂದೇ ಶುರುವಾಗುತ್ತದೆ. ಅಲ್ಲಿ ಅದು ಏಕಾಗ್ರತೆ, ಹೊಗಳಿಕೆ. ಹಾಗಾದರೆ "ವಿದ್ಯಾರ್ಥಿಗಳು ಬಕಧ್ಯಾನದಿಂದ ಓದಬೇಕು" ಎಂದರೆ? ಸುಭಾಷಿತವನ್ನು ಹೇಳಿಕೊಂಡು ಬರೆದರೆ ಸರಿ. ಅದಿಲ್ಲದೆ ಬರೆದರೆ ಓದುಗನಿಗೆ ಮೊದಲು ಹೊಳೆಯುವುದು ಕನ್ನಡದ ಅರ್ಥವೇ. ನಾನಾದರೆ 'ಏಕಮನಸ್ಸಿನಿಂದ' ಎಂದು ಬರೆದು ಮುಂದೆ ಹೋಗುತ್ತೇನೆ.

ದೇಹದ ಅಂಗಗಳ ನುಡಿಗಟ್ಟುಗಳಲ್ಲಿ ಅಪಾಯ ಇನ್ನೂ ಜಾಸ್ತಿ. 'ಕೈ' ಒಂದನ್ನೇ ನೋಡಿ. ಕೈಹಿಡಿ, ಕೈಬಿಡು, ಕೈಕೊಡು, ಕೈಗೂಡು, ಕೈಚೆಲ್ಲು, ಕೈಜೋಡಿಸು, ಕೈಚಾಚು. ನಾಮಪದ ಒಂದೇ. ಅರ್ಥವನ್ನೆಲ್ಲ ಹೊತ್ತಿರುವುದು ಕ್ರಿಯಾಪದ. ಅದಕ್ಕೇ ನಾನು ಮೊದಲಿನಿಂದ ಕ್ರಿಯಾಪದ ನೋಡಿ ಎನ್ನುತ್ತಿರುವುದು. "ಕಷ್ಟದ ದಿನಗಳಲ್ಲಿ ನನಗೆ ಕೈಕೊಟ್ಟ ಗೆಳೆಯರಿಗೆ ಋಣಿಯಾಗಿದ್ದೇನೆ" ಎಂದು ಒಬ್ಬರು ಬರೆದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಬಿದ್ದವನನ್ನು ಎತ್ತಲು ಚಾಚಿದ ಕೈ. ಆದರೆ ಕೈಕೊಡು ಎಂದರೆ ನಂಬಿಸಿ ಮೋಸ ಮಾಡು. 'ಕೈಹಿಡಿದ' ಎಂದೋ 'ಜೊತೆಗೆ ನಿಂತ' ಎಂದೋ ಇರಬೇಕಿತ್ತು.

ಪದಗಳ ಕ್ರಮ ಬದಲಾದರೂ ಸಾಕು, ಅರ್ಥ ಮಗುಚುತ್ತದೆ. 'ಲೆಕ್ಕದಲ್ಲಿ ಅವಳು ಎತ್ತಿದ ಕೈ' ಎಂದರೆ ನಿಪುಣೆ. 'ಲೆಕ್ಕದಲ್ಲಿ ಅವಳು ಕೈ ಎತ್ತಿದಳು' ಎಂದರೆ ಆಗುವುದಿಲ್ಲ ಎಂದು ಬಿಟ್ಟುಬಿಟ್ಟಳು. ಹಾಗೆಯೇ ಒಂದೆರಡು ಅಕ್ಷರದ ಆಟವೂ ಇದೆ. ಉತ್ಸಾಹಕ್ಕೆ ನೀರೆರೆದರೆ ಅದು ಬೆಳೆಯುತ್ತದೆ. ಉತ್ಸಾಹಕ್ಕೆ ತಣ್ಣೀರೆರಚಿದರೆ ಅದು ಸಾಯುತ್ತದೆ. ಮೊದಲನೆಯದರಲ್ಲಿ ಗಿಡದ ಚಿತ್ರ, ಎರಡನೆಯದರಲ್ಲಿ ಉರಿಯುತ್ತಿರುವ ಒಲೆಯ ಚಿತ್ರ. ಎರೆಯುವುದು ಬೇರೆ, ಎರಚುವುದು ಬೇರೆ.

'ಅಜಗಜಾಂತರ ವ್ಯತ್ಯಾಸ' ಎಂಬುದರ ಬಗ್ಗೆ ಒಂದೇ ಮಾತು. ಅಜ ಎಂದರೆ ಆಡು, ಗಜ ಎಂದರೆ ಆನೆ, ಅಂತರ ಎಂದರೆ ವ್ಯತ್ಯಾಸ. ಒಳಗೆ ವ್ಯತ್ಯಾಸ ಇದ್ದೇ ಇದೆ. ಮತ್ತೊಂದು ಬೇಡ.

ಈಗ ಹುಡುಕುವ ಕ್ರಮ. ನಾನು ಮಾಡುವುದನ್ನು ಹೇಳುತ್ತೇನೆ. ಪ್ರಬಂಧ ಬರೆದು ಒಂದು ದಿನ ಬಿಡುತ್ತೇನೆ. ಆಮೇಲೆ ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಕೊನೆಯ ಕ್ರಿಯಾಪದಕ್ಕೆ, ನಡುವೆ ಬರುವ 'ಹಾಕಿ', 'ಎಸೆದು', 'ಬಿತ್ತಿ' ಅಂಥವಕ್ಕೆ ಗೆರೆ ಎಳೆಯುತ್ತೇನೆ. ಆಮೇಲೆ ಹಿಂದಕ್ಕೆ ಓದುತ್ತೇನೆ. ಕಿತ್ತೆಸೆಯುವುದು: ಏನನ್ನು? ಪಿಡುಗನ್ನು. ಪಿಡುಗನ್ನು ಕೀಳಬಹುದೇ? ಬಾರದು. ಬಾಹುಗಳು: ಏನು ಮಾಡುತ್ತಿವೆ? ನುಂಗುತ್ತಿವೆ. ತೋಳು ನುಂಗುತ್ತದೆಯೇ? ಇಲ್ಲ. ಮುಂದಕ್ಕೆ ಓದುವಾಗ ವಾಕ್ಯದ ಓಟ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಹಿಂದಕ್ಕೆ ಓದಿದರೆ ಆ ಓಟ ಇರುವುದಿಲ್ಲ, ತಪ್ಪು ಬೇಗ ಕಾಣುತ್ತದೆ. ವಾಕ್ಯ ಉದ್ದವಾಗಿದ್ದರೆ ಅದನ್ನು ಒಡೆದರೂ ಅರ್ಧ ಕೆಲಸ ಮುಗಿಯುತ್ತದೆ. ನಾಮಪದ, ಕ್ರಿಯಾಪದ ಹತ್ತಿರ ಬಂದಾಗ ಬರೆಯುವ ಕೈಯೇ ತಪ್ಪನ್ನು ಹಿಡಿಯುತ್ತದೆ.

ನುಡಿಗಟ್ಟು ಸಿಕ್ಕಿದಾಗ ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಜನ ಮೆಚ್ಚುಗೆಗೆ ಬಳಸುತ್ತಾರೋ, ತೆಗಳಿಕೆಗೋ? 'ಮಂಗಳ ಹಾಡು' ಎನ್ನುವುದರಲ್ಲಿ 'ಇನ್ನು ಸಾಕು' ಎನ್ನುವ ಧ್ವನಿ ಇದೆ. ನಿವೃತ್ತರಾಗುವ ಒಬ್ಬರ ಬಗ್ಗೆ "ಮೂವತ್ತು ವರ್ಷದ ಸೇವೆಗೆ ಮಂಗಳ ಹಾಡಿದರು" ಎಂದು ಬರೆದರೆ ಅವರಿಗೆ ಚುಚ್ಚುತ್ತದೆ. ಎಳ್ಳುನೀರು ಬಿಡುವುದೂ ಹಾಗೆಯೇ. ಸತ್ತವರಿಗೆ ಕೊಡುವ ತರ್ಪಣ ಅದು. ದುಶ್ಚಟಕ್ಕೆ ಎಳ್ಳುನೀರು ಬಿಡಬಹುದು. ತಾತ್ಕಾಲಿಕವಾಗಿ ನಿಲ್ಲಿಸಿದ ಕೆಲಸಕ್ಕೆ ಬಿಡಬಾರದು, ಏಕೆಂದರೆ ತರ್ಪಣ ಕೊಟ್ಟದ್ದು ತಿರುಗಿ ಬರುವುದಿಲ್ಲ.

ಇಷ್ಟು ಕೇಳಿದ ಮೇಲೆ ಕೆಲವರು ಎಲ್ಲ ಪದವನ್ನೂ ಅನುಮಾನದಿಂದ ನೋಡಲು ಶುರು ಮಾಡುತ್ತಾರೆ. ಅದು ಬೇಡ. "ಬೆಲೆ ಏರಿತು" ಎಂದಾಗ ಯಾರಿಗೂ ಮೆಟ್ಟಿಲು ಕಾಣುವುದಿಲ್ಲ. "ವಿಷಯ ಬೆಳಕಿಗೆ ಬಂತು" ಎಂದಾಗ ದೀಪ ಕಾಣುವುದಿಲ್ಲ. ಇವು ನಿದ್ದೆ ಹೋದ ರೂಪಕಗಳು. ಇವು ಇಲ್ಲದೆ ಮಾತಾಡಲೇ ಆಗುವುದಿಲ್ಲ. ಪಕ್ಕದಲ್ಲಿ ಅದೇ ಜಾತಿಯ ಪದ ಬಂದಾಗ ಮಾತ್ರ ಇವು ಎಚ್ಚರಗೊಳ್ಳುತ್ತವೆ. "ಕತ್ತಲಲ್ಲಿದ್ದ ವಿಷಯ ಬೆಳಕಿಗೆ ಬಂದು ಎಲ್ಲರ ಕಿವಿ ತೆರೆಸಿತು" ಎಂದು ಬರೆಯಿರಿ. ಕತ್ತಲು ಎಂದ ತಕ್ಷಣ ಬೆಳಕು ನಿಜವಾದ ಬೆಳಕಾಯಿತು. ಬೆಳಕು ಕಿವಿಯನ್ನು ತೆರೆಸುವುದಿಲ್ಲ, ಕಣ್ಣನ್ನು ತೆರೆಸುತ್ತದೆ. ಕತ್ತಲು ಎಂಬ ಪದ ಇಲ್ಲದಿದ್ದರೆ ತಪ್ಪು ಇಷ್ಟು ಎದ್ದು ಕಾಣುತ್ತಿರಲಿಲ್ಲ.

ಒಂದು ಚಿತ್ರ ಮುಗಿಸಿ, ಸ್ವಲ್ಪ ಜಾಗ ಬಿಟ್ಟು, ಇನ್ನೊಂದನ್ನು ತೆಗೆದುಕೊಳ್ಳುವುದೂ ತಪ್ಪಲ್ಲ. ಒಂದು ಪ್ಯಾರಾದಲ್ಲಿ ಮರ, ಮುಂದಿನ ಪ್ಯಾರಾದಲ್ಲಿ ಹೊಳೆ ಇರಬಹುದು. ಒಂದೇ ವಾಕ್ಯದಲ್ಲಿ ಮರವೇ ಹೊಳೆಯಾಗಿ ಹರಿಯಬಾರದು, ಅಷ್ಟೇ. ಕವಿತೆಯ ವಿಷಯ ಬೇರೆ. ಅಲ್ಲಿ ಬೇಕೆಂದೇ ಚಿತ್ರಗಳನ್ನು ಡಿಕ್ಕಿ ಹೊಡೆಸುತ್ತಾರೆ. ಪ್ರಬಂಧದಲ್ಲಿ ಓದುಗ ವಾದವನ್ನು ಹಿಡಿದುಕೊಂಡು ಬರುತ್ತಿರುತ್ತಾನೆ, ಅವನ ಕೈ ತಪ್ಪಬಾರದು.

ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. "ಮೇಡಂ, ನಾನು ಒಂದು ಗಲಭೆಯ ಬಗ್ಗೆ ಬರೆಯುತ್ತಿದ್ದೇನೆ. 'ದ್ವೇಷದ ಬೀಜ ಬಿತ್ತಿ ಊರಿಗೆ ಬೆಂಕಿ ಹಚ್ಚಿದರು' ಎಂದು ಹಾಕಿದ್ದೇನೆ. ಇದೂ ಬೆರಕೆಯೇ?"

ಬೆರಕೆಯೇ, ಎಂದೆ. ಬೀಜ ಬಿತ್ತಿದರೆ ಬೆಳೆ ಬರಬೇಕು, ಬೆಂಕಿ ಅಲ್ಲ. ಬೆಂಕಿ ಬೇಕೆಂದರೆ ಮೊದಲು ಕಿಡಿ ಬೀಳಬೇಕು. ಯಾವುದನ್ನು ಇಟ್ಟುಕೊಳ್ಳಬೇಕು ಎನ್ನುವುದನ್ನು ನಾನು ಹೇಳಲಾರೆ, ನೀವೇ ಹೇಳಬೇಕು. ಬೀಜ ಮೊಳೆಯಲು ಕಾಲ ಹಿಡಿಯುತ್ತದೆ. ಕಿಡಿಗೆ ಕಾಲ ಬೇಡ, ಒಣಗಿದ ಹುಲ್ಲು ಸಾಕು. ಅಲ್ಲಿ ಆ ದ್ವೇಷ ವರ್ಷಗಟ್ಟಲೆ ಬೆಳೆದು ಬಂದದ್ದೋ, ಒಂದೇ ಸಲ ಹೊತ್ತಿಕೊಂಡದ್ದೋ?

ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ, "ಜಗಳ ಹಳೆಯದು ಮೇಡಂ, ಆದರೆ ಹೊತ್ತಿಕೊಂಡದ್ದು ಒಂದೇ ರಾತ್ರಿಯಲ್ಲಿ, ಒಂದು ಸುಳ್ಳು ಸುದ್ದಿಯಿಂದ" ಎಂದಳು.

ಹಾಗಾದರೆ ನಿಮ್ಮ ವಾಕ್ಯ ನಿಮ್ಮ ಬಾಯಲ್ಲೇ ಬಂತಲ್ಲ, ಎಂದೆ. ಹಳೆಯ ಜಗಳ ಒಣಹುಲ್ಲು, ಸುಳ್ಳು ಸುದ್ದಿ ಕಿಡಿ. ಅವಳು ಕೂತು ಬೀಜವನ್ನು ಹೊಡೆದುಹಾಕಿ ಬರೆಯತೊಡಗಿದಳು.